ಎರಡು ಜೆಟ್ಟು, ಎರಡು ವರ್ತುಲ, ನಡುವಿನ ಜವೆಕಾಳು

ಹೋದ ಹಿಂಗಾರಿಯಾಗ ಕಡ್ಲಿಗೆ ನೀರು ಕೊಡುವಾಗ ನಾನು ಮಾಡಿದ ಒಂದು ಲೆಕ್ಕದ ತಪ್ಪು ಬರಿತೀನಿ. ಕೃಷಿ ಹೊಂಡದ ನೀರಿನ ಮ್ಯಾಲೆ ಸ್ಪ್ರಿಂಕ್ಲರ್ ನಡೆಸೋರು ಪೂರ್ತಿ ಓದ್ರಿ, ಯಾಕಂದ್ರ ಈ ತಪ್ಪು ನನ್ನೊಬ್ಬಂದೇ ಅಲ್ಲ ಅನಸ್ತದ.

ನಂದು 36 ಗುಂಟೆ ಎರಿ ಹೊಲ. ಹೂವಿಗೆ ಮೊದಲು ಒಂದು ನೀರು ಕೊಡಬೇಕು ಅಂತ ಇದ್ದೆ. ಹೊಂಡದಾಗ ಉಳಿದಿದ್ದು ಸುಮಾರು 75 ಸಾವಿರ ಲೀಟರ್. ನನ್ನ ಪಂಪು ಒಂದು ಸಲಕ್ಕೆ ಎರಡೇ ಜೆಟ್ ತಿರುಗಿಸ್ತದ. ಬಕೆಟ್ ಹಿಡಿದು ಅಳೆದೆ, ಒಂದೊಂದು ಜೆಟ್ ನಿಮಿಷಕ್ಕ 30 ಲೀಟರ್, ಅಂದ್ರ ತಾಸಿಗೆ 1800. ನೀರು ಸುತ್ತಲೂ 12 ಮೀಟರ್ ಹಾರತಿತ್ತು. ಎರಡು ಜೆಟ್ ನಡುವೆ 6 ಮೀಟರಿನ ಎರಡು ಪೈಪು, ಅಂದ್ರ ಅಂತರಾನೂ 12 ಮೀಟರ್.

ಲೆಕ್ಕ ಹಿಂಗ ಹಾಕಿದೆ. ಒಂದು ಜೆಟ್ಟಿನ ವರ್ತುಲ 452 ಚದರ ಮೀಟರ್, ಅಂದ್ರ ನಾಲ್ಕೂವರೆ ಗುಂಟೆ. ಎರಡಕ್ಕ 9 ಗುಂಟೆ. 36 ಗುಂಟೆಗೆ ನಾಲ್ಕು ಸಲ ಸ್ಥಳ ಬದಲಿಸಿದ್ರ ಮುಗೀತು. 20 ಮಿ.ಮೀ. ನೀರಿಗೆ ಒಂದೊಂದು ಕಡೆ 5 ತಾಸು. ಒಟ್ಟು 72 ಸಾವಿರ ಲೀಟರ್, ಹೊಂಡದ ನೀರು ಸರಿಹೋಗ್ತದ ಅಂತ ಧೈರ್ಯ ಮಾಡಿದೆ.

ನಾಲ್ಕು ಸಲದ್ದೂ ಮುಗೀತು, ಹೊಂಡಾನೂ ಬರಿದಾತು. ಆದ್ರ ಹೊಲದಾಗ ಅಲ್ಲಲ್ಲಿ ಒಣ ಪಟ್ಟಿ ಉಳಿದಿದ್ದವು. ಟೇಪ್ ಹಿಡಿದು ಅಳೆದು ಕೂಡಿಸಿದ್ರ ಸುಮಾರು 7 ಗುಂಟೆ. ಬಾಜು ಹೊಲದ ಕಾಕಾ ಬಂದು ನೋಡಿ, “ಏನಪಾ, 7 ಗುಂಟೆದ್ ನೀರು ಎಲ್ಲಿ ಹೋತು? ಪೈಪ್ ಸೋರಾಕತ್ತೇದೇನು?” ಅಂದ. ಪೈಪ್ ಸೋರಿರಲಿಲ್ಲ. ಸೋರಿದ್ದು ನನ್ನ ಲೆಕ್ಕ.

ಎರಡು ವರ್ತುಲ ಒಂದರ ಮ್ಯಾಲೊಂದು ಬಿದ್ದ ಜಾಗಾನ ನಾನು ಎರಡು ಸಲ ಎಣಿಸಿದ್ದೆ. ಮುಂಜಾನೆ ಒದ್ದಿ ಮಣ್ಣಿನ ಕರಿ ಬಣ್ಣದಾಗ ಆ ಆಕಾರ ಚಂದಾಗಿ ಕಾಣ್ತದ. ನಡುವೆ ಉಬ್ಬಿ, ಎರಡೂ ಕಡೆ ಚೂಪಾದ ಕಾಳಿನಂಗ. ಅದು ಎಷ್ಟು ದೊಡ್ಡದು ಅಂತ ಗೂಟ, ಹಗ್ಗ ಹಿಡಿದೇ ತಿಳಕೊಂಡೆ. ನೀವೂ ಮಾಡಿ ನೋಡ್ರಿ.

ಎರಡು ಜೆಟ್ ಇದ್ದಲ್ಲಿ ಒಂದೊಂದು ಗೂಟ ಹೊಡೀರಿ. ಎರಡೂ ವರ್ತುಲ ಒಂದನ್ನೊಂದು ಕತ್ತರಿಸೋ ಎರಡು ಜಾಗದಾಗೂ ಗೂಟ ಹೊಡೀರಿ. ಹಗ್ಗ ಕಟ್ಟಿದ್ರ ಎರಡು ತ್ರಿಕೋನ ಆಗ್ತಾವ, ಅವುಗಳ ಎಲ್ಲಾ ಬದಿನೂ 12 ಮೀಟರ್. ಮೂರೂ ಬದಿ ಸಮ ಇದ್ದ ಮ್ಯಾಲೆ ಪ್ರತಿ ಮೂಲಿ 60 ಡಿಗ್ರಿ. ಹಂಗಾಗಿ ಒಂದು ಜೆಟ್ಟಿನಿಂದ ನೋಡಿದ್ರ ಆ ಎರಡು ಕತ್ತರಿ ಜಾಗದ ನಡುವೆ 120 ಡಿಗ್ರಿ, ಅಂದ್ರ ವರ್ತುಲದ ಮೂರನೇ ಒಂದು ಪಾಲು. ಅದು 150.8 ಚದರ ಮೀಟರ್. ಆ ಕಡೆ ಜೆಟ್ಟಿಂದೂ ಅಷ್ಟೇ. ಎರಡೂ ಕೂಡಿ 301.6. ಆದ್ರ ಈ ಎರಡು ಪಾಲಿನಾಗೂ ನಾವು ಹಗ್ಗ ಕಟ್ಟಿದ ಎರಡು ತ್ರಿಕೋನ ಬರ್ತಾವ, ಅವು ಎರಡು ಸಲ ಎಣಿಕೆ ಆದವು. ಎರಡು ತ್ರಿಕೋನ ಕೂಡಿ 124.7. ಕಳೆದ್ರ ಉಳಿಯೋದು 176.9 ಚದರ ಮೀಟರ್, ಹೆಚ್ಚುಕಡಿಮಿ ಮುಕ್ಕಾಲು ಕಡಿಮಿ... ಅಲ್ಲ, ಒಂದೂ ಮುಕ್ಕಾಲು ಗುಂಟೆ.

ನೆನಪಿಡಾಕ ಸರಳ ದಾರಿ: ಹಾರೋ ದೂರಾನ ಅದರಿಂದಲೇ ಗುಣಿಸಿ, ಬಂದದ್ದನ್ನ 1.23ರಿಂದ ಗುಣಿಸ್ರಿ. 12 × 12 × 1.23 ಅಂದ್ರ 177. ಒಂದು ವರ್ತುಲದ ನೂರಕ್ಕ 39 ಪಾಲು ಇನ್ನೊಂದರ ಮ್ಯಾಲೆ ಬೀಳ್ತದ. ಇದು ಅಂತರ ಮತ್ತ ಹಾರೋ ದೂರ ಎರಡೂ ಸಮ ಇದ್ದಾಗ ಮಾತ್ರ. ಪ್ರೆಶರ್ ಇಳಿದು ನೀರು 10 ಮೀಟರಿಗೆ ನಿಂತ್ರ ಈ ಲೆಕ್ಕ ನಡಿಯಂಗಿಲ್ಲ.

ಹಂಗಾದ್ರ ಎರಡು ಜೆಟ್ ಖರೇನ ತೋಯಿಸಿದ್ದು 905ರಾಗ 177 ಕಳೆದು 728 ಚದರ ಮೀಟರ್, ಅಂದ್ರ 7.2 ಗುಂಟೆ. ನಾಲ್ಕು ಸಲಕ್ಕ 28.8. ನಲವತ್ತು ಗುಂಟೆದ ಎಕರೆದಾಗ 36ಕ್ಕ ಉಳಿದದ್ದು 7.2. ಕಾಕಾ ಕೇಳಿದ 7 ಗುಂಟೆ ಇಲ್ಲಿ ಸಿಕ್ತು.

ಈ ಆಕಾರದ ಲೆಕ್ಕ ನಮ್ಮ ನಾಡಿಗೆ ಹೊಸದಲ್ರಿ. ಒಂಬತ್ತನೇ ಶತಮಾನದಾಗ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸಂಸ್ಕೃತದಾಗ ಬರೆದ ಗಣಿತಸಾರಸಂಗ್ರಹದಾಗ ಇದಕ್ಕ ಯವಾಕಾರ ಕ್ಷೇತ್ರ, ಅಂದ್ರ ಜವೆಕಾಳಿನ ಆಕಾರದ ಹೊಲ ಅಂತ ಹೆಸರದ. ಉದ್ದಾನ ಅಗಲದ ಕಾಲುಭಾಗದಿಂದ ಗುಣಿಸಿ, 10ರ ವರ್ಗಮೂಲದಿಂದ ಗುಣಿಸು ಅಂತಾರ ಅವರು. ನಮ್ಮ ಕಾಳಿನ ಉದ್ದ 20.8 ಮೀಟರ್, ಅಗಲ 12. ಅವರ ಸೂತ್ರಕ್ಕ 197 ಬರ್ತದ, ಖರೇದಕ್ಕಿಂತ 20 ಹೆಚ್ಚು. ಆ ಸೂತ್ರ ಅರ್ಧವರ್ತುಲಕ್ಕ ಚಲೋ ಕೂಡ್ತದ, ಇಂಥ ಸಪೂರ ಕಾಳಿಗೆ ಹೆಚ್ಚು ತೋರಸ್ತದ. ಉದ್ದ ಗುಣಿಸು ಅಗಲ, ಅದರಾಗ ಹತ್ತರಲ್ಲಿ ಏಳು ಪಾಲು ಅಂತ ಹಿಡಿದ್ರ 175 ಬರ್ತದ, ಹೊಲದ ಕೆಲಸಕ್ಕ ಅಷ್ಟು ಸಾಕು.

ಈಗ ಮುಖ್ಯ ಮಾತು. ಕಾಳಿನೊಳಗ ಎಲ್ಲಾ ಕಡೆ ಎರಡು ಪಟ್ಟು ನೀರು ಬೀಳ್ತದ ಅಂತ ತಿಳೀಬ್ಯಾಡ್ರಿ. ನಾನೂ ಹಂಗ ತಿಳಿದು ಜೆಟ್ ದೂರ ಸರಿಸಾಕ ಹೊಂಟಿದ್ದೆ. ಅದಕ್ಕ ಮೊದಲು ನೆಟ್ಟಗಿನ ಬದಿ ಇರೋ ಖಾಲಿ ಡಬ್ಬಿ ಸಾಲಾಗಿಟ್ಟು ಒಂದು ತಾಸು ಜೆಟ್ ಬಿಟ್ಟೆ. ಜೆಟ್ ಹತ್ರ 12 ಮಿ.ಮೀ., ಎರಡರ ನಟ್ಟನಡುವೆ 11. ಜೆಟ್ಟಿನ ಹೊರಗಡೆ, ಇನ್ನೊಂದರ ನೀರು ಮುಟ್ಟದ ಕಡೆ, 6 ಮೀಟರ್ ದೂರದಾಗ ಬರೇ 6. ಕಾಳಿನ ಎರಡು ಚೂಪು ತುದಿಯಾಗ ಡಬ್ಬಿ ತಳ ಅಷ್ಟೇ ಒದ್ದಿ. ಯಾಕಂದ್ರ ಜೆಟ್ ಹತ್ರ ಹೆಚ್ಚು ಬಿದ್ದು ದೂರ ಹೋದಂಗ ಕಡಿಮಿ ಆಗ್ತದ. ನಡುವೆ ಎರಡರ ಅರ್ಧರ್ಧ ಕೂಡಿ ಒಂದು ಆಗ್ತದ. ತುದಿ ಅಂದ್ರ ಎರಡೂ ಜೆಟ್ಟಿನ ಕಡೇ ಅಂಚು, ಅಲ್ಲಿ ಎರಡೂ ಕೂಡಿದ್ರೂ ಏನೂ ಇಲ್ಲ. ಕಾಳು ಬೀಳೋದು ನಷ್ಟ ಅಲ್ಲ. ಅದು ಇಲ್ಲದಿದ್ರ ನಡುವೆ ಅರೆಹಸಿವು.

ನನ್ನ ನಷ್ಟ ಆಗಿದ್ದು 5 ತಾಸು ಒಂದೇ ಕಡೆ ಬಿಟ್ಟಿದ್ದಕ್ಕ. ಸಾಲಿನ ನಡುವೆ 55 ಮಿ.ಮೀ. ಮ್ಯಾಲೆ ಬಿತ್ತು, ಅಂಚಿಗೆ ಏನೂ ಇಲ್ಲ. ನಡುವಿನ ಕಡ್ಲಿ ಬರೇ ಸೊಪ್ಪು ಬೆಳೀತು, ಒಣ ಪಟ್ಟಿದು ಕಾಯಿ ಕಟ್ಟೋ ಹೊತ್ತಿಗೆ ಬಾಡಿತು.

ಈ ಸಲ ಬದಲು ಮಾಡೀನಿ. ಉದ್ದಕ್ಕೂ ಅಡ್ಡಕ್ಕೂ 12 ಮೀಟರಿಗೆ ಗೂಟ ಹೊಡೆದು, ಪ್ರತಿ ಗೂಟಕ್ಕೂ ಜೆಟ್ ನಿಲ್ಲಸ್ತೀನಿ. ಆಗ ಒಂದು ಜೆಟ್ಟಿನ ಲೆಕ್ಕಕ್ಕ ಬರೋದು 12 × 12, ಅಂದ್ರ 144 ಚದರ ಮೀಟರ್ ಮಾತ್ರ, ವರ್ತುಲದ 452 ಅಲ್ಲ. 1800 ಲೀಟರನ್ನ 144ರಿಂದ ಭಾಗಿಸಿದ್ರ ತಾಸಿಗೆ 12.5 ಮಿ.ಮೀ. 20 ಮಿ.ಮೀ.ಗೆ 1 ತಾಸು 36 ನಿಮಿಷ. 36 ಗುಂಟೆಗೆ 26 ಗೂಟ, ಎರಡೆರಡರಂತೆ 13 ಸಲ. ನೀರು 75 ಸಾವಿರ ಲೀಟರ್, ಅದೇ ಹೊಂಡ, ಹೆಚ್ಚುಕಡಿಮಿ ಅಷ್ಟೇ ತಾಸು. ಪೈಪ್ ಹೊತ್ತು ಸರಿಸೋ ಕೆಲಸ ಮಾತ್ರ ಮೂರು ಪಟ್ಟು, ಅದು ಸುಳ್ಳಲ್ಲ. ಹೊಲದ ಅಂಚಿನ ಗೂಟದಾಗ ಬದುವಿನಾಚೆ ಸ್ವಲ್ಪ ನೀರು ಹೋಗ್ತದ, ಹಂಗಾಗಿ ಬದುವಿನ ಬಾಜು ಕಡ್ಲಿಗೆ ಒಂಚೂರು ಕಡಿಮಿ ಬೀಳ್ತದ. ಗಾಳಿ ಇದ್ರ ವರ್ತುಲ ಸೊಟ್ಟ ಆಗ್ತದ, ಅದಕ್ಕ ನಸುಕಿನಾಗ ಶುರು ಮಾಡ್ತೀನಿ.

ನಿಮ್ಮ ಜೆಟ್ ಎಷ್ಟು ಹಾರ್ತದ, ಅಂತರ ಎಷ್ಟು ಇಟ್ಟೀರಿ ಅಂತ ಕೆಳಗ ಬರೀರಿ. ಡಬ್ಬಿ ಇಟ್ಟು ಅಳೆದವರಿದ್ರ ಆ ಅಂಕಿನೂ ಹಾಕ್ರಿ.