ಒಡೆದ ಬೆನ್ನೆಲುಬಿಗೆ ಮೂರು ಪ್ರಶ್ನೆಗಳು

ಅಡಿಕೆ ಕೊಯ್ಲಿನ ದಿನಗಳು ಬಂದವೆಂದರೆ ಮಲೆನಾಡಿನಲ್ಲಿ ಮರದಿಂದ ಬಿದ್ದವರ ಸುದ್ದಿಯೂ ಬರುತ್ತದೆ. ಒಂದು ವರ್ಷ ಆ ಸುದ್ದಿ ನಮ್ಮ ಖಾಲಾನ ಮನೆಯಿಂದಲೇ ಬಂತು. ಕೊಯ್ಲಿಗೆ ಹೋಗಿದ್ದ ಅವರ ಮಗ ಸುಮಾರು 20 ಅಡಿ ಮೇಲಿನಿಂದ ಜಾರಿ, ಕುಳಿತ ಭಂಗಿಯಲ್ಲೇ ನೆಲಕ್ಕೆ ಬಿದ್ದಿದ್ದ. ತೋಟದವರು ಅವನನ್ನು ಎತ್ತಿ ಕೂರಿಸದೆ, ಹಲಗೆಯ ಮೇಲೆ ನೇರವಾಗಿ ಮಲಗಿಸಿ ತಂದಿದ್ದರು.

ಸಿ.ಟಿ. ಸ್ಕ್ಯಾನಿನಲ್ಲಿ ಸೊಂಟದ ಮೊದಲ ಬೆನ್ನೆಲುಬು ಒಡೆದಿರುವುದು ಕಂಡಿತು. ವೈದ್ಯರು ಅದನ್ನು ಎಲ್ 1 ಎನ್ನುತ್ತಾರೆ. ಅದರ ಮೇಲಿನ ಬೆನ್ನು ಪಕ್ಕೆಲುಬುಗಳ ಹಿಡಿತದಲ್ಲಿ ಬಿಗಿಯಾಗಿರುತ್ತದೆ, ಕೆಳಗಿನ ಸೊಂಟ ಬಾಗುತ್ತದೆ. ಬಿದ್ದ ಪೆಟ್ಟು ಈ ಎರಡರ ಸಂಧಿಗೆ ಬೀಳುತ್ತದೆ. ಮೇಲಿಂದ ಗುದ್ದಿದ ಮಣ್ಣಿನ ಹೆಂಟೆ ಸುತ್ತಲೂ ಬಿರಿಯುವಂತೆ ಮೂಳೆ ಬಿರಿದು, ಒಂದು ಚೂರು ಹಿಂದಕ್ಕೆ, ನರಗಳು ಹಾದುಹೋಗುವ ಕಾಲುವೆಯೊಳಕ್ಕೆ ಸರಿಯುತ್ತದೆ. ಇದೇ ಬರ್ಸ್ಟ್ ಫ್ರ್ಯಾಕ್ಚರ್. ನಮ್ಮ ಹುಡುಗನ ಕಾಲುವೆಯ ಶೇಕಡಾ 40ರಷ್ಟನ್ನು ಆ ಚೂರು ಮುಚ್ಚಿತ್ತು.

ಆ 40 ಎಂಬ ಅಂಕಿ ಕೇಳಿದ್ದೇ ತಡ, ನಮ್ಮಲ್ಲಿ ಎರಡು ಪಕ್ಷಗಳಾದವು. ಬಂಗಾರ ಅಡವಿಟ್ಟಾದರೂ ಇವತ್ತೇ ಆಪರೇಷನ್ ಮಾಡಿಸೋಣ ಎಂದು ಕೆಲವರು. ಬೆನ್ನಿಗೆ ಕತ್ತಿ ಹಾಕಿಸಿದರೆ ಇರುವ ಕಾಲೂ ಹೋದೀತು ಎಂದು ಕೆಲವರು. ಖಾಲಾ ಮಾತ್ರ, "ಡಾಕ್ಟ್ರೇ, ಇವನು ನಡೀತಾನಾ?" ಎಂದು ಕೇಳಿದರು.

"ಅಮ್ಮಾ, ಮೂರು ವಿಷಯ ನೋಡಿ ಹೇಳ್ತೀನಿ" ಎಂದರು ವೈದ್ಯರು. ಮೂಳೆ ಹೇಗೆ ಮುರಿದಿದೆ, ನರಗಳು ಹೇಗಿವೆ, ಬೆನ್ನೆಲುಬುಗಳನ್ನು ಹಿಂಬದಿಯಿಂದ ಬಿಗಿದಿಡುವ ಕಟ್ಟುಗಳು ಉಳಿದಿವೆಯೇ, ಇವೇ ಆ ಮೂರು. 2005ರಲ್ಲಿ ಪ್ರಕಟವಾದ ಟಿ.ಎಲ್.ಐ.ಸಿ.ಎಸ್. ಎಂಬ ಪದ್ಧತಿ ಇವಕ್ಕೆ ಅಂಕ ಕೊಡುತ್ತದೆ. ಒಟ್ಟು 3 ಅಥವಾ ಕಡಿಮೆಯಾದರೆ ಆಪರೇಷನ್ ಬೇಡ, 5 ಅಥವಾ ಹೆಚ್ಚಾದರೆ ಬೇಕು. 4 ಬಂದರೆ ವೈದ್ಯರ ವಿವೇಚನೆ. ಒಳ್ಳೆಯ ವೈದ್ಯರಿಬ್ಬರು ಬೇರೆ ಬೇರೆ ಮಾತು ಹೇಳುವುದು ಹೆಚ್ಚಾಗಿ ಇಲ್ಲೇ.

ಬಿರಿದ ಮೂಳೆಗೆ 2 ಅಂಕ. ನರಗಳ ಪರೀಕ್ಷೆ ಸ್ಕ್ಯಾನಿನಲ್ಲಿ ಆಗುವುದಿಲ್ಲ, ರೋಗಿಯ ಮೈಮೇಲೆಯೇ ಆಗಬೇಕು. ಬೆನ್ನುಹುರಿ ಮುಗಿಯುವುದು ಹೆಚ್ಚುಕಡಿಮೆ ಇದೇ ಜಾಗದಲ್ಲಿ. ಕಾಲುಗಳಿಗೂ ಮೂತ್ರಕೋಶಕ್ಕೂ ಹೋಗುವ ನರಗಳು ಇಲ್ಲಿಂದಲೇ ಸಾಗುತ್ತವೆ. ಹಾಗಾಗಿ ಹೆಬ್ಬೆರಳು, ಪಾದ, ಮೊಣಕಾಲುಗಳ ಬಲವನ್ನಷ್ಟೇ ಅಲ್ಲ, ಗುದದ್ವಾರದ ಸುತ್ತಲಿನ ಸ್ಪರ್ಶಜ್ಞಾನವನ್ನೂ ಅಲ್ಲಿನ ಬಿಗಿತವನ್ನೂ ನೋಡಿದರು. ಮೂತ್ರ ತಾನಾಗಿ ಹೋಯಿತೇ ಎಂದು ವಿಚಾರಿಸಿದರು. ಎಲ್ಲವೂ ಸರಿಯಿತ್ತು, ಸೊನ್ನೆ ಅಂಕ. ಕಾಲಿನ ಬಲ ಅರ್ಧ ಹೋಗಿದ್ದರೆ ಇಲ್ಲೇ 3 ಸೇರಿ, ಲೆಕ್ಕ 5ಕ್ಕೆ ಮುಟ್ಟುತ್ತಿತ್ತು.

ಉಳಿದದ್ದು ಹಿಂಬದಿಯ ಕಟ್ಟು. ಅವನನ್ನು ನಾಲ್ವರು ಹಿಡಿದು, ಮೈ ತಿರುಚದಂತೆ ಮರದ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಿದರು. ವೈದ್ಯರು ಬೆನ್ನಿನ ಗೆರೆಯುದ್ದಕ್ಕೂ ಬೆರಳಾಡಿಸಿ, ಎರಡು ಮೂಳೆಗಳ ನಡುವೆ ಹೆಚ್ಚಿನ ಅಂತರವಿದೆಯೇ ಎಂದು ನೋಡಿದರು. ಸಿ.ಟಿ.ಯಲ್ಲಿ ಈ ಕಟ್ಟುಗಳು ಕಾಣುವುದಿಲ್ಲ, ಅದಕ್ಕೇ ಎಂ.ಆರ್.ಐ. ಕೂಡ ಮಾಡಿಸಿದರು. ಹರಿದಿರಲಿಲ್ಲ. ಹರಿದಿದ್ದರೆ ಮತ್ತೆ 3 ಅಂಕ, ಆಗಲೂ 5. ಹಿಂದಿನ ಹಗ್ಗ ಕಡಿದ ಕಂಬದಂತೆ ಬೆನ್ನು ದಿನದಿಂದ ದಿನಕ್ಕೆ ಮುಂದಕ್ಕೆ ಬಾಗುತ್ತಿತ್ತು. ಸ್ಕ್ರೂ, ರಾಡು ಹಾಕಿ ನಿಲ್ಲಿಸಬೇಕಾಗುತ್ತಿತ್ತು.

ಹೀಗೆ ನಮ್ಮ ಲೆಕ್ಕ 2ಕ್ಕೆ ನಿಂತಿತು.

ಹಾಗಾದರೆ ಆ ಶೇಕಡಾ 40? ನಾವು ಅದನ್ನೇ ಕೇಳಿದೆವು. ನರಕ್ಕೆ ಪೆಟ್ಟಾಗುವುದು ಬಹುಪಾಲು ಬಿದ್ದ ಆ ಕ್ಷಣದಲ್ಲಿ. ಆಗ ಚೂರು ಇನ್ನೂ ಒಳಕ್ಕೆ ನುಗ್ಗಿ ಹಿಂದೆ ಸರಿದಿರಬಹುದು. ಸ್ಕ್ಯಾನು ತೋರಿಸುವುದು ಅದು ಬಂದು ನಿಂತ ಜಾಗವನ್ನು. ನರ ಸರಿಯಿದ್ದರೆ ಆ ಚೂರನ್ನು ತೆಗೆಯಲೆಂದೇ ಆಪರೇಷನ್ ಮಾಡಬೇಕಾಗಿಲ್ಲ. ದೇಹವೇ ಒಂದೆರಡು ವರ್ಷಗಳಲ್ಲಿ ಅದನ್ನು ಬಹುಮಟ್ಟಿಗೆ ಕರಗಿಸಿಕೊಳ್ಳುತ್ತದೆ.

ಬೆಲ್ಟು ತೊಡಿಸಿದ ಮೇಲೂ ಒಂದು ಪರೀಕ್ಷೆ ಉಳಿದಿತ್ತು, ನಿಲ್ಲಿಸಿ ತೆಗೆಯುವ ಎಕ್ಸ್‌ರೇ. ಮಲಗಿದ್ದಾಗ 12 ಡಿಗ್ರಿ ಇದ್ದ ಬಾಗು ನಿಂತಾಗ 16 ಆಯಿತು. ಅಷ್ಟು ಸಹಜ ಎಂದರು. ಬಹಳ ಹೆಚ್ಚಿದ್ದರೆ, ಇಲ್ಲವೇ ನೋವಿನಿಂದ ನಿಲ್ಲಲೇ ಆಗದಿದ್ದರೆ, ಮತ್ತೆ ಯೋಚಿಸಬೇಕಿತ್ತು. ಬೆಲ್ಟಿನ ಮೇಲೂ ಅತಿಯಾದ ಭರವಸೆ ಬೇಡ: ನರಕ್ಕೆ ಪೆಟ್ಟಾಗದ ಇಂಥ ಸ್ಥಿರ ಮುರಿತಗಳಲ್ಲಿ ಬೆಲ್ಟು ಹಾಕಿದವರೂ ಹಾಕದವರೂ ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡರೆಂದು 2014ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದು ಹೇಳಿದೆ.

ಮನೆಗೆ ಕಳಿಸುವಾಗ ವೈದ್ಯರು ನಮ್ಮ ಕೈಯಲ್ಲಿ ಬರೆಸಿದ್ದು ಮೂರೇ ಸಾಲು. ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಕುಗ್ಗಿದರೆ, ಬೆಳಗಾಗಲೆಂದು ಕಾಯದೆ ಆಗಲೇ ಬರಬೇಕು. ಖಾಲಾ ಆ ಚೀಟಿಯನ್ನು ಮೂರು ತಿಂಗಳೂ ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿಟ್ಟಿದ್ದರು. ಹುಡುಗ ಈಗ ನಡೆಯುತ್ತಾನೆ, ಬೆನ್ನು ಸ್ವಲ್ಪ ಗೂನು, ಮಳೆಗಾಲದಲ್ಲಿ ನೋವು. ಮರ ಹತ್ತುವುದಿಲ್ಲ, ಕೆಳಗೆ ಕೂತು ಅಡಿಕೆ ಸುಲಿಯುತ್ತಾನೆ.