ಸೊನ್ನೆ ಮಾರಾಟದ ದಿನಗಳು

ಅನುವಾದದ ಕೆಲಸದ ಜೊತೆಗೆ ಸಯನ್‌ನ ಒಂದು ದಿನಸಿ ಅಂಗಡಿಗೆ ನಾನು ದಿನಾ ಬೆಳಿಗ್ಗೆ ಒಂದು ಇಮೇಲ್ ಕಳಿಸುತ್ತೇನೆ. ಯಾವ ಸಾಮಾನು ತರಿಸಬೇಕು, ಎಷ್ಟು ತರಿಸಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಅಂಗಡಿಗೆ ಬರುವವರಲ್ಲಿ ನಮ್ಮ ಕರಾವಳಿಯವರೇ ಹೆಚ್ಚು, ಹಾಗಾಗಿ ಅರ್ಧದಷ್ಟು ಸಾಮಾನು ಊರಿನಿಂದಲೇ ಲಾರಿಯಲ್ಲಿ ಬರಬೇಕು.

ಪಟ್ಟಿಯ ಹಿಂದಿನ ಲೆಕ್ಕ ಸರಳ. ದಿನಕ್ಕೆ ಸರಾಸರಿ ಎಷ್ಟು ಹೋಗುತ್ತದೆ, ಆರ್ಡರ್ ಮಾಡಿದ ಮೇಲೆ ಮಾಲು ಬರಲು ಎಷ್ಟು ದಿನ ಬೇಕು, ಇವೆರಡನ್ನು ಗುಣಿಸಿ, ತಡವಾದರೆ ಇರಲಿ ಎಂದು ಸ್ವಲ್ಪ ಸೇರಿಸಬೇಕು. ಬರುವ ಸಂಖ್ಯೆಯೇ ರೀಆರ್ಡರ್ ಪಾಯಿಂಟ್. ದಾಸ್ತಾನು ಅಲ್ಲಿಗೆ ಇಳಿದರೆ ಆರ್ಡರ್ ಹೋಗಬೇಕು.

ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಈ ಲೆಕ್ಕವನ್ನು ಮೊದಲಿನಿಂದಲೂ ಮಾಡುತ್ತಿತ್ತು. ಆದರೂ ಕುಚ್ಚಲಕ್ಕಿ ಪದೇ ಪದೇ ಮುಗಿದು ಹೋಗುತ್ತಿತ್ತು. ಜನವರಿಯಿಂದ ಮಾರ್ಚ್‌ವರೆಗಿನ 90 ದಿನಗಳಲ್ಲಿ ಹತ್ತು ಕಿಲೋದ 270 ಚೀಲ ಮಾರಿದ್ದರು. ಅಂದರೆ ದಿನಕ್ಕೆ 3. ಮಾಲು ಬರಲು 6 ದಿನ ಎಂದು ಹಿಡಿದು, ಹೆಚ್ಚುವರಿ ಏನೂ ಸೇರಿಸದೆ, ಸಾಫ್ಟ್‌ವೇರ್ 18 ಚೀಲಕ್ಕೆ ಗೆರೆ ಎಳೆದಿತ್ತು.

ದಿನವಹಿ ಮಾರಾಟ ತೆರೆದು ನೋಡಿದರೆ 18 ದಿನ ಸೊನ್ನೆ. ಮ್ಯಾನೇಜರ್ ಉಡುಪಿ ಕಡೆಯವರು. ‘ಸೊನ್ನೆ ಅಂದ್ರೆ ಯಾರೂ ಕೇಳ್ಳಿಲ್ಲ ಅಂತ ಅಲ್ಲ ಮಾರಾಯ್ರೆ, ಕೊಡ್ಲಿಕ್ಕೆ ಅಕ್ಕಿ ಇರ್ಲಿಲ್ಲ’ ಅಂದರು. ಬಿಲ್ಲಿನಲ್ಲಿ ಕಾಣುವುದು ಮಾರಾಟ, ಬೇಡಿಕೆಯಲ್ಲ. ಹಾಗಾಗಿ ಅಕ್ಕಿ ಇದ್ದ 72 ದಿನಗಳಿಂದ ಮಾತ್ರ ಭಾಗಿಸಬೇಕು. ಆಗ ದಿನಕ್ಕೆ 3.75 ಚೀಲ. ಶೀಟಿನ B ಕಾಲಂನಲ್ಲಿ ಮಾರಾಟ, C ಕಾಲಂನಲ್ಲಿ ಬೆಳಗಿನ ದಾಸ್ತಾನು ಇದ್ದರೆ ಸೂತ್ರ ಇಷ್ಟೇ:

```
=SUM(B2:B91)/COUNTIF(C2:C91,">0")
```

ಈ ವ್ಯತ್ಯಾಸ ಸಣ್ಣದಲ್ಲ. 18 ಚೀಲ ಉಳಿದಾಗ ಆರ್ಡರ್ ಹೋದರೆ ಅದು ಐದು ದಿನವೂ ಬಾಳುವುದಿಲ್ಲ. ಲಾರಿ ಬರುವುದು ಆರನೇ ದಿನ. ನಡುವಿನ ಖಾಲಿ ದಿನ ಮತ್ತೊಂದು ಸೊನ್ನೆಯಾಗಿ ದಾಖಲಾಗಿ ಸರಾಸರಿಯನ್ನು ಇನ್ನಷ್ಟು ಇಳಿಸುತ್ತದೆ. ಸರಾಸರಿ ಇಳಿದಂತೆ ಗೆರೆಯೂ ಇಳಿಯುತ್ತದೆ. ಕೊನೆಗೆ ಈ ಅಕ್ಕಿಗೆ ಗಿರಾಕಿಯೇ ಇಲ್ಲವೆಂದು ಕಾಗದ ಹೇಳತೊಡಗುತ್ತದೆ. ಆದರೆ ಈ ತಿದ್ದುಪಡಿಗೂ ಮಿತಿಯಿದೆ. ಅಕ್ಕಿಗಾಗಿ ಕಾದಿದ್ದವರು ಲಾರಿ ಬಂದ ದಿನ ಒಟ್ಟಿಗೆ ಬಂದು ಒಯ್ದರೆ ಸರಾಸರಿ ಸ್ವಲ್ಪ ಉಬ್ಬುತ್ತದೆ. ಯಾವುದೋ ಪೂಜೆಯ ಊಟಕ್ಕೆ ಒಮ್ಮೆಗೇ ಹೋದ ಮೂವತ್ತು ಚೀಲವನ್ನಂತೂ ಲೆಕ್ಕದಿಂದ ತೆಗೆದೇ ಬಿಡಬೇಕು.

ಇನ್ನು ಮಾಲು ಬರುವ ದಿನಗಳು. ವ್ಯಾಪಾರಿ ‘ನಾಲ್ಕು ದಿನ’ ಎಂದರೆ ಅದು ಲಾರಿ ಹೊರಟ ಮೇಲಿನ ಮಾತು. ನಮಗೆ ಬೇಕಾದದ್ದು ಪಟ್ಟಿ ಮೇಲ್ ಆದ ದಿನದಿಂದ ಚೀಲ ಅಂಗಡಿಯೊಳಗೆ ಇಳಿಯುವವರೆಗಿನ ಎಣಿಕೆ. ಮೇಲ್ ಎರಡು ದಿನ ಓದದೆ ಬಿದ್ದಿದ್ದರೆ ಅದೂ ಇದರಲ್ಲಿ ಸೇರುತ್ತದೆ. ಕಳೆದ ಆರು ಆರ್ಡರ್‌ಗಳಿಗೆ ಹಿಡಿದದ್ದು 5, 5, 6, 6, 5, 9 ದಿನ. ಸರಾಸರಿ 6, ಆದರೆ ಒಂದು ಸಲ 9. ಆ ಮೂರು ದಿನಗಳಿಗೆ ಸುಮಾರು 11 ಚೀಲ ಕೈಯಲ್ಲಿರಬೇಕು. ಒಟ್ಟು 3.75 ಗುಣಿಸು 9, ಅಂದರೆ 34 ಚೀಲ. ಹಳೆಯ ಗೆರೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಪಟ್ಟಿಯನ್ನು ದಿನಾ ಕಳಿಸದೆ ವಾರಕ್ಕೊಮ್ಮೆ ಮಾತ್ರ ಕಳಿಸುವುದಾದರೆ ಇನ್ನೂ ಏಳು ದಿನದ ಮಾರಾಟ ಸೇರಿಸಬೇಕಾಗುತ್ತಿತ್ತು.

ಗೆರೆಯನ್ನು ಎತ್ತರಿಸಿದರೆ ಇನ್ನೊಂದು ಅಪಾಯ. ಇಂದು 40 ಚೀಲಕ್ಕೆ ಆರ್ಡರ್ ಹೋಗಿದೆ, ಅಂಗಡಿಯಲ್ಲಿ 20 ಇದೆ ಎನ್ನಿ. ನಾಳೆ ಅಂಗಡಿಯ ದಾಸ್ತಾನನ್ನಷ್ಟೇ ನೋಡಿದರೆ ಶೀಟು ಮತ್ತೆ 40 ತರಿಸು ಎನ್ನುತ್ತದೆ. ಆದ್ದರಿಂದ ದಾರಿಯಲ್ಲಿರುವ ಮಾಲನ್ನೂ ಕೂಡಿಸಿ 60 ಎಂದು ಹಿಡಿದು, ಅದನ್ನು 34ಕ್ಕೆ ಹೋಲಿಸಬೇಕು. ಸಯನ್‌ನ ಅಂಗಡಿಗಳಲ್ಲಿ ಜಾಗ ಕಡಿಮೆ, ಇರುವುದು ತಲೆಯ ಮೇಲಿನ ಅಟ್ಟ. ಮಳೆಗಾಲದಲ್ಲಿ ಅಲ್ಲಿ ಹೆಚ್ಚು ದಿನ ಕೂತ ಅಕ್ಕಿಗೆ ಹುಳ ಬೀಳುತ್ತದೆ.

ಹಳೆಯ ಮಾರಾಟ ದಾರಿ ತಪ್ಪಿಸುವುದು ಮುಖ್ಯವಾಗಿ ಜೂನ್‌ನಲ್ಲಿ. ಮೇ ತಿಂಗಳಲ್ಲಿ ಮಕ್ಕಳ ರಜೆಗೆ ಗಿರಾಕಿಗಳೆಲ್ಲ ಊರಿಗೆ ಹೋಗಿರುತ್ತಾರೆ, ಮಾರಾಟ ಕುಗ್ಗಿರುತ್ತದೆ. ಜೂನ್ ಮಧ್ಯಕ್ಕೆ ಶಾಲೆ ಶುರುವಾಗಿ ಎಲ್ಲರೂ ಮರಳುವ ಹೊತ್ತಿಗೆ ಮಳೆಯೂ ಬರುತ್ತದೆ. ಪಕ್ಕದ ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಬಳಿ ನೀರು ನಿಂತರೆ ಊರಿಂದ ಬಂದ ಲಾರಿ ಕೊನೆಯ ಒಂದು ಮೈಲಿಗೇ ಅರ್ಧ ದಿನ ತಿನ್ನುತ್ತದೆ. ಬೇಡಿಕೆ ಮತ್ತು ವಿಳಂಬ ಎರಡೂ ಒಟ್ಟಿಗೆ ಏರುವ ಆ ವಾರಗಳಿಗೆ ಮೇ ತಿಂಗಳ ಸರಾಸರಿ ಆಗುವುದಿಲ್ಲ. ಹಿಂದಿನ ವರ್ಷದ ಜೂನ್ ಅನ್ನೇ ನೋಡಬೇಕು.

ಮೇಲ್‌ನಲ್ಲಿ ಇವೆಲ್ಲ ಇರುವುದಿಲ್ಲ. ಸಾಮಾನಿನ ಹೆಸರು, ಇರುವುದು, ಬರಬೇಕಾದದ್ದು, ಎಷ್ಟು ದಿನಕ್ಕೆ ಸಾಕು, ತರಿಸಬೇಕಾದದ್ದು. ಬೇಗ ಮುಗಿಯುವುದು ಮೇಲೆ. ಅವರು ಫೋನಿನಲ್ಲಿ ನೋಡಿ, ಬೇಡವೆನಿಸಿದ್ದನ್ನು ಹೊಡೆದು, ಏಕೆಂದು ಒಂದು ಮಾತು ಬರೆದು ಮರಳಿಸುತ್ತಾರೆ. ಈಗ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಕೂಡ ಇಟ್ಟಿದ್ದಾರೆ. ಇಲ್ಲದ ಸಾಮಾನನ್ನು ಯಾರಾದರೂ ಕೇಳಿದರೆ ಅದರಲ್ಲಿ ಒಂದು ಗೀಟು. ಬಿಲ್ಲಿಗೆ ಎಂದೂ ಹತ್ತದ ಆ ಗೀಟುಗಳನ್ನು ಶನಿವಾರ ಫೋಟೊ ತೆಗೆದು ನನಗೆ ಕಳಿಸುತ್ತಾರೆ.