ಬೇಜಾರು ಅಂದರೆ ಏನು, ಹೇಳಿ

ಹೋದ ಜನವರಿಯ ಒಂದು ಶನಿವಾರ, ಮಂಜು ಇನ್ನೂ ಕರಗದ ಹೊತ್ತಿನಲ್ಲಿ, ನೋಯ್ಡಾದ ಒಂದು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕೂತಿದ್ದೆ. ನಾನಾಗಿ ಬಂದದ್ದಲ್ಲ, ಹೆಂಡತಿ ಕರೆದುಕೊಂಡು ಬಂದಿದ್ದಳು. ಮೊದಲು ಒಂದು ಹಾಳೆ ಕೊಟ್ಟರು: ಪಿಎಚ್‌ಕ್ಯೂ-9. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಆಫೀಸಿನ ಸರ್ವೇ ತುಂಬಿದ ಹಾಗೆ ಎರಡು ನಿಮಿಷದಲ್ಲಿ ತುಂಬಿದೆ. ಒಟ್ಟು 14. ಒಂಬತ್ತನೆಯದಕ್ಕೆ 0 ಹಾಕಿದ್ದೆ.

ಒಳಗೆ ವೈದ್ಯೆ ಏನು ತೊಂದರೆ ಎಂದು ಕೇಳಿದರು. ‘ಮನ್ ನಹೀ ಲಗ್ತಾ’ ಅಂದೆ. ‘ನಿಮ್ಮ ಭಾಷೆಯಲ್ಲಿ ಏನಂತೀರಿ?’ ‘ಬೇಜಾರು.’ ‘ಹಾಗಂದರೆ?’

ಉತ್ತರಿಸಲು ತಡವರಿಸಿದೆ. ಬಸ್ಸು ಬರದಿದ್ದರೂ ನಮಗೆ ಬೇಜಾರು, ತಂಗಿ ಫೋನ್ ಮಾಡದಿದ್ದರೂ ಬೇಜಾರು, ಯಾರಾದರೂ ತೀರಿಕೊಂಡರೂ ಬೇಜಾರು. ನನ್ನದು ಇದರಲ್ಲಿ ಯಾವುದೂ ಅಲ್ಲ. ಕೊನೆಗೆ, ‘ಮಗಳು ಬಹುಮಾನ ತಂದು ತೋರಿಸಿದಳು, ನನಗೆ ಏನೂ ಅನ್ನಿಸಲಿಲ್ಲ’ ಅಂದೆ. ಅವರು ಬೇಜಾರು ಎಂಬ ಪದವನ್ನೂ ಈ ವಾಕ್ಯವನ್ನೂ ಉದ್ಧರಣ ಚಿಹ್ನೆಯೊಳಗೆ ಬರೆದುಕೊಂಡರು. ದುಃಖ ಬೇರೆ, ಯಾವುದರಲ್ಲೂ ಖುಷಿಯೇ ಹುಟ್ಟದಿರುವುದು ಬೇರೆ. ಖಿನ್ನತೆಯ ಮುಖ್ಯ ಲಕ್ಷಣಗಳು ಇವೆರಡು, ಒಂದಿದ್ದು ಇನ್ನೊಂದು ಇಲ್ಲದಿರಬಹುದು ಎಂದರು.

‘ಕೆಲಸ ಹೇಗೆ ನಡೀತಿದೆ?’ ‘ಒಂದು ದಿನವೂ ರಜೆ ಹಾಕಿಲ್ಲ’ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ‘ಸರಿ, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಹೇಳಿ.’

ಮೂರೂವರೆಗೆ ಎಚ್ಚರವಾಗಿತ್ತು. ಏಳರವರೆಗೆ ಹಾಸಿಗೆಯಲ್ಲೇ ಬಿದ್ದಿದ್ದೆ. ಸ್ನಾನ ಮಾಡಿ ಮೂರು ದಿನ. ಚಳಿ ಅಂದೆ, ಗೀಸರ್ ಇದೆಯಲ್ಲ ಅಂದರು. ತಿಂಡಿ ಇಲ್ಲ. ಒಂಬತ್ತೂವರೆಯ ಮೀಟಿಂಗಿಗೆ ಕ್ಯಾಮೆರಾ ಆಫ್. ಅರ್ಧ ಗಂಟೆಯ ಸ್ಟೇಟಸ್ ರಿಪೋರ್ಟಿಗೆ ಇಡೀ ಮಧ್ಯಾಹ್ನ. ತಿಪಟೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಮೂರು ವಾರ.

ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು. ಹೊರಗೆ ಹಸಿರು, ಕೊಯ್ದರೆ ಕೆಂಪು ಇರುವ ಪ್ರಾಜೆಕ್ಟಿಗೆ ನಾವು ಕಲ್ಲಂಗಡಿ ಅನ್ನುತ್ತೇವೆ. ಸಂಬಳ ತರುವ ಕೆಲಸವನ್ನು ನನ್ನಂಥವರು ಕೊನೆಯವರೆಗೂ ಹಿಡಿದುಕೊಂಡಿರುತ್ತೇವೆ. ಅದಕ್ಕೂ ಮೊದಲು ಜಾರಿಹೋಗುವುದು ಸ್ನಾನ, ಊಟ, ಫೋನು. ‘ಹೇಗಿದ್ದೀರಿ’ ಎಂದರೆ ಸಿಗದ ಈ ವಿವರ ‘ನಿನ್ನೆ’ ಎಂದು ಕೇಳಿದರೆ ಸಿಗುತ್ತದೆ.

ಆಮೇಲೆ ಹೆಂಡತಿಯನ್ನು ಸ್ವಲ್ಪ ಹೊರಗೆ ಕೂರಲು ಹೇಳಿದರು. ಒಂಬತ್ತನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು, ಅದೇ ವಿಷಯವನ್ನು ಬೇರೆ ಬಗೆಯಲ್ಲಿ ಕೇಳಿದರು. ‘ಮಲಗಿದವನು ಬೆಳಿಗ್ಗೆ ಏಳದಿದ್ದರೇ ಒಳ್ಳೆಯದು ಅನ್ನಿಸಿದೆಯಾ?’

ಅನ್ನಿಸಿತ್ತು. ಕೆಲವು ರಾತ್ರಿ. ಹಾಳೆಯ ಆ ಪ್ರಶ್ನೆಯಲ್ಲಿ ಎರಡು ವಿಷಯ ಸೇರಿವೆ: ಸತ್ತರೆ ವಾಸಿ ಎಂಬ ಯೋಚನೆ, ತನಗೆ ತಾನೇ ಘಾಸಿ ಮಾಡಿಕೊಳ್ಳುವ ಯೋಚನೆ. ನಾನು ಎರಡನೆಯದನ್ನಷ್ಟೇ ಓದಿ 0 ಹಾಕಿದ್ದೆ. ಅವರು ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋದರು. ನೀವೇ ಜೀವ ತೆಗೆದುಕೊಳ್ಳುವ ಯೋಚನೆ? ಹೇಗೆಂದು ಯೋಚಿಸಿದ್ದೀರಾ? ಮಾಡಬೇಕೆಂಬ ಇರಾದೆ? ತಯಾರಿ? ಹಿಂದೆ ಯಾವಾಗಲಾದರೂ ಪ್ರಯತ್ನ? ಎಲ್ಲಕ್ಕೂ ಇಲ್ಲ. ಕುಡಿತ? ವಾರಕ್ಕೆ ಎರಡು ಸಲ, ಈಚೆಗೆ ಒಬ್ಬನೇ. ಅದನ್ನೂ ಬರೆದುಕೊಂಡರು, ಕುಡಿದಾಗ ಯೋಚನೆಗೂ ಕೃತಿಗೂ ನಡುವಿನ ದೂರ ಕಡಿಮೆಯಾಗುತ್ತದೆ ಎಂದು. ಏನು ತಡೆದಿದೆ? ಮಗಳು.

ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ನಾನೂ ನಂಬಿದ್ದೆ. ಆದದ್ದು ಬೇರೆ: ಭುಜ ಹಗುರವಾಯಿತು.

0 ಹೋಗಿ 1 ಆಯಿತು, ಒಟ್ಟು 15. 14ರವರೆಗೆ ಮಧ್ಯಮ, 15ರಿಂದ ಅದಕ್ಕಿಂತ ಒಂದು ಹಂತ ಮೇಲೆ. ಆದರೆ ಅವರಿಗೆ ಮುಖ್ಯವಾದದ್ದು ಒಟ್ಟು ಅಲ್ಲ. ಉಳಿದ ಎಂಟಕ್ಕೆ ಎಷ್ಟೇ ಬಂದಿರಲಿ, ಒಂಬತ್ತನೆಯದಕ್ಕೆ 1 ಬಂದರೂ ಇಷ್ಟೆಲ್ಲ ಕೇಳಲೇಬೇಕಂತೆ.

ನನ್ನ ಒಪ್ಪಿಗೆ ಪಡೆದು ಹೆಂಡತಿಯನ್ನು ಒಳಗೆ ಕರೆದು ವಿಷಯ ಹೇಳಿದರು. ಥೈರಾಯ್ಡ್, ಬಿ12 ಪರೀಕ್ಷೆಗೆ ಬರೆದರು. ನಿದ್ದೆಯೇ ಬೇಡವೆನಿಸುವಷ್ಟು ಅತಿಯಾದ ಉತ್ಸಾಹದ ದಿನಗಳು ಹಿಂದೆ ಇದ್ದವೇ ಎಂದು ಕೇಳಿದ ಮೇಲೆಯೇ ಮಾತ್ರೆಯ ಮಾತೆತ್ತಿದರು. ಇದ್ದಿದ್ದರೆ ಔಷಧಿಯ ದಾರಿ ಬೇರೆಯಂತೆ. ಏಳು ದಿನಕ್ಕೆ ಮತ್ತೆ ಬನ್ನಿ, ಮಧ್ಯರಾತ್ರಿ ಕಷ್ಟವಾದರೆ ಮೊದಲು ಹೆಂಡತಿಯನ್ನು ಎಬ್ಬಿಸಿ, ಇಲ್ಲವೇ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದರು. ಎದೆಯ ಮಾತು ಅಷ್ಟು ಹೊತ್ತಿನಲ್ಲಿ ಹಿಂದಿಯಲ್ಲಿ ಬರುವುದಿಲ್ಲ ಅಂದೆ. ಅಲ್ಲಿ ಬೇರೆ ಭಾಷೆಗಳೂ ಇವೆ, ಕನ್ನಡ ಬೇಕೆಂದು ಕೇಳಿ ಎಂದರು.

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ತನ್ನ ದಾಖಲೆ ನೋಡುವ ಹಕ್ಕು ಕೊಟ್ಟಿದೆ. ಮೂರನೆಯ ಭೇಟಿಯಲ್ಲಿ ಪ್ರತಿ ಕೇಳಿ ಓದಿದೆ. ಒಂದೂವರೆ ಪುಟ. ‘ಉದ್ಯೋಗ ನಡೆದಿದೆ, ಹೆಚ್ಚು ಶ್ರಮದಿಂದ, ಸ್ವಂತ ಆರೈಕೆ, ಸಂಪರ್ಕ ಕುಸಿದಿವೆ. ಸಾವಿನ ಬಯಕೆ ಇದೆ. ಯೋಜನೆ, ಇರಾದೆ ಇಲ್ಲ.’ ಅಪಾಯದ ಸಾಲಿನ ಪಕ್ಕ ತಾರೀಖು ಮಾತ್ರವಲ್ಲ, ಗಂಟೆಯನ್ನೂ ಬರೆದಿದ್ದರು. ಅದು ಆ ಹೊತ್ತಿನ ಮಾತು, ಮುಂದಿನ ಭೇಟಿಯಲ್ಲಿ ಹೊಸದಾಗಿ ಕೇಳಬೇಕು.

ಅವತ್ತು ಮೆಟ್ರೋದಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ‘ಯಾಕೋ ಮಗಾ, ಬೇಜಾರಾ?’ ಅಂದಳು. ‘ಹೂಂ ಅಮ್ಮ’ ಅಂದೆ. ಯಾವ ಬೇಜಾರು ಎಂದು ವಿವರಿಸಲು ಈ ಸಲ ನನಗೆ ಮಾತಿತ್ತು.